ಮಾವನಿಗೊಂದು ಮೆಸೇಜು

ಮಾವ, ನಮಸ್ಕಾರ. ಅತ್ತೆಯ ಮಂಡಿನೋವು ಈಗ ಹೇಗಿದೆ? ಫೋನ್ ಮಾಡುವ ಅಂದುಕೊಂಡೆ. ಆದರೆ ಈ ವಿಷಯ ಬಾಯಲ್ಲಿ ಹೇಳಲು ಹೋದರೆ ನಾನು ತಡವರಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ನಂಬರನ್ನು ನೀವು ಕೆಲವರಿಗೆ ಕೊಟ್ಟಿದ್ದೀರಿ ಅಲ್ವಾ? ಈ ವಾರವೇ ಮೂರು ಜನ "ಬ್ರಹ್ಮಾವರದ ನಿಮ್ಮ ಮಾವ ಕೊಟ್ಟದ್ದು" ಅಂತ ಫೋನ್ ಮಾಡಿದರು. ಒಬ್ಬರ ಮಗನಿಗೆ ಕೆಲಸ ಬೇಕಂತೆ. ಇನ್ನೊಬ್ಬರು ಇನ್ಶೂರೆನ್ಸ್‌ನವರು, ಬೇಡ ಅಂದರೂ ದಿನಾ ಮೆಸೇಜ್. ಮೂರನೆಯವರು ಹುಡುಗಿಯ ಕಡೆಯವರಂತೆ. ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಸಂಬಳ ಎಷ್ಟು ಅಂತ ಕೇಳಿದರು. ನಿದ್ದೆಗಣ್ಣಿನಲ್ಲಿ ಹೇಳಿಯೂ ಬಿಟ್ಟೆ!

ನೀವು ಒಳ್ಳೆಯ ಮನಸ್ಸಿನಿಂದಲೇ ಕೊಡುವುದು, ಗೊತ್ತು. ಆದರೆ ಬ್ಯಾಂಕಿನ ಓಟಿಪಿ, ಆಫೀಸಿನ ಕೆಲಸ ಎಲ್ಲ ಇದೇ ನಂಬರಿಗೆ. ಸುಮ್ನೆ ಬದಲಾಯಿಸಲೂ ಆಗುವುದಿಲ್ಲ.

ಇನ್ನು ಯಾರಾದರೂ ಕೇಳಿದರೆ "ಅವನತ್ರ ಕೇಳಿ ಹೇಳ್ತೇನೆ" ಅನ್ನಿ. ಅವರ ಹೆಸರು, ನಂಬರು, ವಿಷಯ ನನಗೆ ಕಳಿಸಿ. ನಾನೇ ಫೋನ್ ಮಾಡುತ್ತೇನೆ. ನಮ್ಮ ಮನೆಯವರಿಗೆ ಕೊಡಲು ಕೇಳುವುದೇನೂ ಬೇಡ.

ಕೆಲಸ ಕೇಳಿದ ಹುಡುಗನ ಬಯೋಡೇಟಾ ತರಿಸಿಕೊಂಡಿದ್ದೇನೆ, ನೋಡುವ. ಇನ್ಶೂರೆನ್ಸ್‌ನವರಿಗೆ ಮಾತ್ರ ನೀವೇ ಒಂದು ಮಾತು ಹೇಳಿಬಿಡಿ. ನನ್ನ ಮಾತು ಅವರು ಕೇಳುವ ಹಾಗೆ ಕಾಣುವುದಿಲ್ಲ.

ಭಾನುವಾರ ಬೆಳಿಗ್ಗೆ ಮಂಗಳೂರಿನಿಂದ ಹೊರಡುತ್ತೇನೆ. ಅತ್ತೆಗೆ ಹೇಳಿ, ನೀರುದೋಸೆ ಸಾಕು, ಜಾಸ್ತಿ ಏನೂ ಮಾಡುವುದು ಬೇಡ.

ನಿಮ್ಮ ಅಳಿಯ