ಕುದುರೆಮುಖಕ್ಕೆ ಹತ್ತೇ ಹೆಸರು ಬರೆಸು, ಸುಮಾ

ಸುಮಾ,

ಗ್ರೂಪಲ್ಲಿ ನೀನು ಹಾಕಿದ ಪಟ್ಟಿ ನೋಡಿದೆ. ಹನ್ನೊಂದು ಹೆಸರಲ್ಲಿ ಏಳನೇದು ನಂದು, ನಾನು ಹ್ಞೂಂ ಅನ್ನೋ ಮೊದಲೇ ಪಕ್ಕದಲ್ಲಿ ಹಸಿರು ಗುರುತು. ಹಾಸ್ಟೆಲಲ್ಲೂ ನೀನು ಹೀಗೇ. ನಾನು ಹಾಸಿಗೆಯಿಂದ ಏಳೋ ಮೊದಲೇ ನನ್ನ ಪಾಲಿನ ಚಿತ್ರಾನ್ನ ಹಾಕಿಸ್ಕೊಂಡು ಬಂದಿರ್ತಿದ್ದೆ. ಈ ಸಲ ಮಾತ್ರ ಆ ಗುರುತು ಅಳಿಸು ಮಾರಾಯ್ತಿ. ಅಕ್ಟೋಬರಲ್ಲಿ ನಾನು ಕುದುರೆಮುಖ ಹತ್ತೋದಿಲ್ಲ. ಅರಣ್ಯ ಇಲಾಖೆಯ ಬುಕಿಂಗಿಗೆ ಎಲ್ಲರ ಹೆಸರು, ಗುರುತಿನ ಚೀಟಿ ಕೊಡೋ ಮೊದಲೇ ನಿಂಗೆ ತಿಳಿಸಬೇಕಿತ್ತು, ಅದಕ್ಕೇ ರಾತ್ರಿ ಕೂತು ಬರೀತಿದೀನಿ.

ಕಾರಣ ಆರೋಗ್ಯ. ಫೆಬ್ರವರಿಯಿಂದ ಒಂದು ತೊಂದರೆಗೆ ಔಷಧಿ ತಗೊಳ್ತಿದೀನಿ. ಇನ್ನೂ ಕೆಲವು ತಿಂಗಳು ದೊಡ್ಡ ಏರು ಹತ್ತಬಾರದು, ವಾಹನ ಹೋಗದ ಕಡೆ ದಿನವಿಡೀ ಇರಬಾರದು ಅಂತ ಡಾಕ್ಟರು ಹೇಳಿದಾರೆ. ಕೆಲಸಕ್ಕೆ ಹೋಗ್ತಿದೀನಿ, ಅಡುಗೆ ಮಾಡ್ತಿದೀನಿ, ಮಗನ ಹತ್ರ ಜಗಳಾನೂ ಆಡ್ತಿದೀನಿ, ಹಾಗಾಗಿ ನೀನು ಗಾಬರಿ ಬೀಳೋ ಅಂಥದ್ದೇನಿಲ್ಲ. ಏನು ತೊಂದರೆ ಅನ್ನೋದನ್ನ ಮಾತ್ರ ಹೇಳಲ್ಲ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೆ. ಮನೆಯಲ್ಲೂ ಇಬ್ಬರಿಗಷ್ಟೇ ಗೊತ್ತು. ಎಲ್ಲಿ ಹೋದರೂ ಮೊದಲು ಅದರ ವಿಚಾರಣೆ ಆಗಿ ಆಮೇಲೆ ಮಿಕ್ಕ ಮಾತು ಅನ್ನೋ ಹಾಗಾದ್ರೆ ನಂಗೆ ಹಿಂಸೆ.

ಅದೋ ಇದೋ ಅಂತ ಒಂದೊಂದೇ ಕೇಳಬೇಡ. ‘ಅಲ್ಲ’ ಅನ್ನೋಕೆ ಶುರು ಮಾಡಿದ್ರೆ ಒಂದೊಂದಾಗಿ ಅಳಿಸ್ತಾ ಅಳಿಸ್ತಾ ಕೊನೆಗೆ ಸರಿಯಾದದ್ದಕ್ಕೇ ಬಂದು ನಿಲ್ತೀಯ, ನಿನ್ನ ಬುದ್ಧಿ ನಂಗೆ ಗೊತ್ತು. ಹಾಗಾಗಿ ಯಾವುದಕ್ಕೂ ಹೌದೂ ಇಲ್ಲ, ಅಲ್ಲವೂ ಇಲ್ಲ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಏಪ್ರಿಲಲ್ಲಿ ಕೊಡಚಾದ್ರಿಗೆ ಕರೆದಾಗ ಕಾಲು ಉಳುಕಿದೆ ಅಂದಿದ್ದೆನಲ್ಲ, ಅದು ಸುಳ್ಳು. ನಾಲಿಗೆಗೆ ಸುಲಭವಾಗಿ ಬಂತು, ಅಂದುಬಿಟ್ಟೆ. ಆಮೇಲೆ ನೀನು ಕೊರಿಯರಲ್ಲಿ ನೋವಿನೆಣ್ಣೆ ಕಳಿಸಿದೆ. ಗೀತಾ ದಿನಾ ‘ಬಾವು ಇಳಿಯಿತಾ’ ಅಂತ ಕೇಳ್ತಿದ್ಲು. ತೀರ್ಥಹಳ್ಳಿಯ ಮದುವೆಯಲ್ಲಿ ನೀವೆಲ್ಲ ಎದುರಾದಾಗ ಯಾವ ಕಾಲು ಅಂದಿದ್ದೆ ಅನ್ನೋದೇ ಮರೆತು, ಬರುವಾಗ ಎಡಗಾಲು, ಊಟದ ಪಂಕ್ತಿಗೆ ಹೋಗುವಾಗ ಬಲಗಾಲು ಎಳೆದಿದೀನಿ. ನಿಮ್ಮ ಯಜಮಾನರು ಗಮನಿಸಿದ್ರು ಅನ್ಸುತ್ತೆ, ಪಾಯಸ ಬಡಿಸುವಾಗ ನನ್ನ ಕಾಲನ್ನೇ ನೋಡ್ತಿದ್ರು. ಆ ಒಂದು ಸುಳ್ಳು ಸಾಕಿ ಸಾಕಿ ಸುಸ್ತಾದೆ. ಈ ಸಲ ಮಗನ ಪರೀಕ್ಷೆ ಅಂತಲೋ ಅತ್ತೆಗೆ ಹುಷಾರಿಲ್ಲ ಅಂತಲೋ ಹೇಳಬಹುದಿತ್ತು. ಅತ್ತೆ ನನಗಿಂತ ಗಟ್ಟಿ ಇದಾರೆ, ಪಾಪ, ಅವರನ್ಯಾಕೆ ಮಲಗಿಸಲಿ. ಎಣ್ಣೆ ಮಾತ್ರ ಚೆನ್ನಾಗಿತ್ತು, ಅವರ ಮಂಡಿಗೆ ಖರ್ಚಾಯ್ತು.

ನೀನೀಗ ಏನು ಹೇಳ್ತೀಯ ಅಂತಲೂ ಗೊತ್ತು: ‘ಒಂಟಿಮರದ ತನಕ ಬಾ, ನಿಧಾನಕ್ಕೆ ಹತ್ತೋಣ, ನಾನು ಜೊತೆಗಿರ್ತೀನಿ.’ ಬೇಡ. ಮುಳ್ಳೋಡಿಯಿಂದ ಹೋಗಿ ಬರೋದು ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು, ಸಂಜೆಯೊಳಗೆ ಕೆಳಗಿಳಿದಿರಬೇಕು, ರಾತ್ರಿ ಮೇಲೆ ಉಳಿಯೋಕೆ ಬಿಡಲ್ಲ. ಅರ್ಧದಾರಿಯಲ್ಲಿ ನಂಗೆ ಏನಾದ್ರೂ ಆದ್ರೆ ಇಬ್ಬರು ನನ್ನ ಜೊತೆ ಇಳೀಬೇಕು, ಉಳಿದವರು ಹತ್ತಬೇಕೋ ಬೇಡ್ವೋ ಅಂತ ನಿಂತಲ್ಲೇ ನಿಲ್ತಾರೆ. ಅಲ್ಲಿ ಜೀಪೂ ಬರಲ್ಲ, ಫೋನೂ ಸರಿಯಾಗಿ ಸಿಗಲ್ಲ. ಇಷ್ಟು ವರ್ಷ ಕಾದು ಎಲ್ಲರೂ ಒಂದಾಗಿ ಹೊರಟಿದೀರಿ, ಮೇಲೆ ಶೋಲಾ ಕಾಡಿನ ತೊರೆಯಲ್ಲಿ ಕಾಲು ಇಳಿಬಿಟ್ಟು ಕೂರೋ ಬದಲು ನನ್ನ ಮುಖ ನೋಡ್ತಾ ಕೂರೋದು ಬೇಡ.

ಆದ್ರೆ ಕಳಸದ ತನಕ ಬರ್ತೀನಿ, ನೀವು ಬೇಡ ಅಂದ್ರೂ. ಶುಕ್ರವಾರ ರಾತ್ರಿ ನಿಮ್ಮ ಜೊತೆಗೇ ಹೊರಡ್ತೀನಿ. ಶನಿವಾರ ನೀವು ಜೀಪಲ್ಲಿ ಮುಳ್ಳೋಡಿಗೆ ಹೋದ ಮೇಲೆ ನಾನು ಕಳಸದಲ್ಲೇ ರೂಮು ಮಾಡಿ ಇರ್ತೀನಿ. ಆ ಜೀಪಿನ ಕುಲುಕಾಟವೂ ಸದ್ಯಕ್ಕೆ ನಂಗಾಗಲ್ಲ. ಕಳಸೇಶ್ವರನ ಮೆಟ್ಟಿಲು ನಿಧಾನಕ್ಕೆ ಹತ್ತಬಹುದು (ಹತ್ತದಿದ್ರೂ ಅವನೇನು ಕೇಳಲ್ಲ), ಭದ್ರಾ ಹೊಳೆ ಹತ್ರ ಕೂತು ಓದೋಕೆ ಪುಸ್ತಕ ಇದೆ. ಭಾನುವಾರ ನೀವು ವಾಪಸ್ ಬಂದ ಮೇಲೆ ಎಲ್ಲರೂ ಹೊರನಾಡಿಗೆ ಹೋಗೋಣ. ಎಂಟೇ ಕಿಲೋಮೀಟರು, ಅನ್ನಪೂರ್ಣೇಶ್ವರಿಯ ಊಟಕ್ಕೆ ಹನ್ನೊಂದು ಎಲೆ. ಉಂಬಳ ಎಷ್ಟು ಕಚ್ಚಿತು ಅನ್ನೋ ಕಥೆ ಆಗ ಕೇಳ್ತೀನಿ. ಉಪ್ಪಿನ ಗಂಟು ಮರೀಬೇಡಿ, ಮಳೆ ಬಿಟ್ಟಿರಲ್ಲ.

ಟಿಟಿ ಗಾಡಿಯ ಬಾಡಿಗೆ ಹನ್ನೊಂದು ಭಾಗವೇ ಮಾಡು. ಜೀಪಿಗೂ ಗೈಡಿಗೂ ನನ್ನ ಪಾಲು ಹಾಕಬೇಡ, ಜಗಳ ಮಾಡ್ತೀನಿ.

ವಿದ್ಯಾ ವಿಷಯ ಒಂದಿದೆ. ಡಾಕ್ಟರಾದ್ದರಿಂದ ‘ರಿಪೋರ್ಟ್ ಕಳಿಸು, ಒಂದ್ಸಲ ನೋಡ್ತೀನಿ’ ಅಂದೇ ಅಂತಾಳೆ. ಅವಳ ಪ್ರೀತಿ ದೊಡ್ಡದು. ಆದ್ರೆ ನೋಡಿಕೊಳ್ತಿರೋ ಡಾಕ್ಟರು ಒಳ್ಳೆಯವರು, ನಂಗೆ ಸಮಾಧಾನ ಇದೆ. ಎರಡನೇ ಅಭಿಪ್ರಾಯ ಬೇಕು ಅನ್ಸಿದ ದಿನ ನಾನೇ ಅವಳ ಬಾಗಿಲು ತಟ್ತೀನಿ. ಅಮೃತಬಳ್ಳಿ ಕಷಾಯ, ಪ್ರಾಣಾಯಾಮದ ವಿಡಿಯೋ, ಯಾರದೋ ಚಿಕ್ಕಮ್ಮನಿಗೆ ಗುಣವಾದ ಊರಿನ ವಿಳಾಸ, ಇವನ್ನೂ ದಯವಿಟ್ಟು ನಿನ್ನ ಹತ್ರಾನೇ ತಡೆದುಬಿಡು. ಗ್ರೂಪಿಗೆ ನಾಳೆ ಬೆಳಿಗ್ಗೆ ನಾನೇ ಹಾಕ್ತೀನಿ. ಬರೆದಿಟ್ಟಿದೀನಿ, ನೋಡು:

‘ಎಲ್ಲರಿಗೂ ನಮಸ್ಕಾರ. ಆರೋಗ್ಯದ ಕಾರಣಕ್ಕೆ ಈ ಸಲ ನಾನು ಬೆಟ್ಟ ಹತ್ತುತ್ತಿಲ್ಲ. ಡಾಕ್ಟರ ಸಲಹೆ, ಹಾಗಾಗಿ ಒತ್ತಾಯ ಬೇಡ. ಚಿಂತೆ ಮಾಡುವಂಥದ್ದಿಲ್ಲ. ವಿವರ ಹೇಳಿಕೊಳ್ಳಲು ನನಗೆ ಇಷ್ಟವಿಲ್ಲ, ಕೇಳದಿದ್ದರೆ ಉಪಕಾರ. ಕಳಸದವರೆಗೆ ಬರ್ತೀನಿ, ಹೊರನಾಡಿನ ಊಟಕ್ಕೆ ಇರ್ತೀನಿ. ತುದಿ ತಲುಪಿದ ಮೇಲೆ ಫೋಟೋ ತೆಗೀರಿ, ನನ್ನ ಜಾಗ ಬಿಡೋದೇನೂ ಬೇಡ, ಒತ್ತಿಕೊಂಡೇ ನಿಲ್ಲಿ. ಪ್ರತಿಭಾ.’

ಇದನ್ನ ಓದಿದ ಮೇಲೆ ಅರ್ಧ ಜನ ನಿಂಗೇ ಫೋನ್ ಮಾಡಿ ‘ಏನಂತೆ ಅವಳಿಗೆ’ ಅಂತ ಕೇಳ್ತಾರೆ. ನಂಗೂ ಗೊತ್ತಿಲ್ಲ ಅನ್ನು. ಅದು ನಿಜವೇ ಅಲ್ವಾ, ಸುಳ್ಳು ಹೇಳೋ ಕಷ್ಟ ನಿಂಗೆ ಬರದಿರಲಿ ಅಂತಲೂ ನಾನು ಹೆಸರು ಹೇಳದೇ ಇರೋದು. ‘ಸೀರಿಯಸ್ಸಾ’ ಅಂದ್ರೆ ನಾನು ಬರೆದ ಆ ಸಾಲನ್ನೇ ಓದಿ ಹೇಳು, ಒಂದು ಪದ ಕೂಡಿಸಬೇಡ.

ಕೆಲಸದ ಮಾತು: ಬುಕಿಂಗ್ ಹತ್ತು ಜನಕ್ಕೆ ಮಾಡಿಸು. ನನ್ನ ಜಾಗಕ್ಕೆ ನಿನ್ನ ತಂಗಿ ರೂಪಾಳನ್ನ ಕೇಳಿ ನೋಡು, ಹೋದ ವರ್ಷ ಕರೀಲಿಲ್ಲ ಅಂತ ಮುನಿಸಿಕೊಂಡಿದ್ಲಲ್ಲ. ಅವಳು ಬಂದ್ರೆ ಮತ್ತೆ ಹನ್ನೊಂದಾಗತ್ತೆ, ಹೊರನಾಡಲ್ಲಿ ಎಲೆ ಹನ್ನೆರಡು.

ನನ್ನ ಟ್ರೆಕಿಂಗ್ ಶೂ ಅವಳಿಗೆ ಸರಿಹೋಗತ್ತೆ, ಆರನೇ ನಂಬರು. ಶುಕ್ರವಾರ ತಂದುಕೊಡ್ತೀನಿ. ತೊಳೆದು ವಾಪಸ್ ಕೊಡೋಕೆ ಹೇಳು, ಬರೋ ವರ್ಷ ನಂಗೆ ಬೇಕು.

ನಿನ್ನ
ಪ್ರತಿ