ನಿನ್ನ ಫೋಟೋದಲ್ಲಿದ್ದ ಲೆಕ್ಕ: ಗ್ರಾಫ್‌ನಲ್ಲೂ, ಬೀಜಗಣಿತದಲ್ಲೂ

ಪುಟ್ಟಾ,

ನೀನು ಕಳಿಸಿದ ಫೋಟೋ ನೋಡಿದೆ. ಪುಟದ ಬಲಗಡೆ ನಿನ್ನ ಕೈಯ ನೆರಳು ಬಿದ್ದಿದೆ. ಹಾಗಾಗಿ ಎರಡನೇ ಸಮೀಕರಣದ ಕೊನೆಯಲ್ಲಿ ಇರುವುದು 1 ಅಥವಾ −1 ಎನ್ನುವುದು ಮೊದಲು ಗೊತ್ತಾಗಲಿಲ್ಲ. ಕೆಳಗೆ ನೀನು ಬರೆದ ಕೋಷ್ಟಕದಿಂದ ತಿಳಿಯಿತು. x = 1 ಆದಾಗ y = 1 ಎಂದು ಬರೆದಿದ್ದೀಯ. 1 − 2 ಅಂದರೆ −1. ಹಾಗಾದರೆ ಲೆಕ್ಕ ಇದು:

3x + y = 9 … (1)
x − 2y = −1 … (2)

ಇದನ್ನು ನಕ್ಷಾ ವಿಧಾನದಿಂದಲೂ ಬೀಜಗಣಿತದ ವಿಧಾನದಿಂದಲೂ ಬಿಡಿಸಬೇಕು. ನಿನಗೆ ಗ್ರಾಫ್‌ನಲ್ಲಿ (2.4, 1.7) ಬಂದಿದೆ. ಆದೇಶ ವಿಧಾನದಲ್ಲಿ x = 13/7, y = 10/7 ಬಂದಿದೆ. "ನನ್ನ ಗ್ರಾಫ್ ತಪ್ಪು ಅಲ್ವಾ?" ಎಂದು ಕೇಳಿದ್ದೀಯ.

ಇಲ್ಲ, ನಿನ್ನ ಗ್ರಾಫ್ ಚೆನ್ನಾಗಿದೆ. ತಪ್ಪಾಗಿರುವುದು ಇನ್ನೊಂದು ಕಡೆ. ಗ್ರಾಫ್ ಹಾಕದೇ ಹೋಗಿದ್ದರೆ ಆ ತಪ್ಪು ನಿನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದಕ್ಕೇ ಎರಡನ್ನೂ ನಿಧಾನವಾಗಿ ನೋಡೋಣ. ಪಕ್ಕದಲ್ಲಿ ನಿನ್ನ ಗ್ರಾಫ್ ಹಾಳೆ ಇಟ್ಟುಕೊಂಡು ಓದು.

ಮೊದಲು ಗ್ರಾಫ್

ಮೊದಲನೇ ಸಮೀಕರಣದಲ್ಲಿ y ಒಂದನ್ನೇ ಎಡಗಡೆ ಉಳಿಸಿಕೊಂಡರೆ y = 9 − 3x. ಈಗ x ಗೆ ಒಂದೊಂದು ಬೆಲೆ ಕೊಟ್ಟರೆ y ಸಿಗುತ್ತದೆ:

x = 0 ಆದಾಗ y = 9
x = 2 ಆದಾಗ y = 3
x = 3 ಆದಾಗ y = 0

ಎರಡನೇ ಸಮೀಕರಣದಿಂದ y = (x + 1)/2. ಇಲ್ಲಿ ನೀನು x ಗೆ ಬೆಸ ಸಂಖ್ಯೆಗಳನ್ನೇ ಕೊಟ್ಟಿದ್ದೀಯ. ಜಾಣತನದ ಕೆಲಸ. ಬೆಸ ಸಂಖ್ಯೆಗೆ 1 ಸೇರಿಸಿದರೆ ಸಮ ಸಂಖ್ಯೆ, ಅದನ್ನು 2ರಿಂದ ಭಾಗಿಸಿದರೆ ಭಿನ್ನರಾಶಿಯ ಕಾಟವಿಲ್ಲ:

x = −1 ಆದಾಗ y = 0
x = 1 ಆದಾಗ y = 1
x = 5 ಆದಾಗ y = 3

ಒಂದು ಸರಳರೇಖೆ ಎಳೆಯಲು ಎರಡು ಬಿಂದು ಸಾಕು. ಆದರೂ ಮೂರನೆಯದನ್ನು ಗುರುತಿಸು. ಮೂರೂ ಒಂದೇ ಗೆರೆಯಲ್ಲಿ ಬರದಿದ್ದರೆ ಎಲ್ಲೋ ಕೂಡುವಾಗ ಅಥವಾ ಗುರುತಿಸುವಾಗ ತಪ್ಪಿದೆ ಎಂದು ಆಗಲೇ ತಿಳಿಯುತ್ತದೆ. ಇನ್ನೊಂದು ಮಾತು. ನೀನು ಮೊದಲನೇ ರೇಖೆಗೆ (2, 3) ಮತ್ತು (3, 0) ಎರಡನ್ನೇ ತೆಗೆದುಕೊಂಡಿದ್ದೀಯ. ಅವು ತೀರಾ ಹತ್ತಿರ ಇವೆ. ಹತ್ತಿರದ ಬಿಂದುಗಳ ಮೇಲೆ ಸ್ಕೇಲ್ ಇಟ್ಟಾಗ ಕೂದಲೆಳೆಯಷ್ಟು ಆಚೀಚೆ ಆದರೂ ರೇಖೆ ದೂರ ಹೋದಂತೆ ಜಾಸ್ತಿ ವಾಲುತ್ತದೆ. ಈ ಸಲ ನಿನಗೆ ಬೇಕಾದ ಬಿಂದು ಆ ಎರಡರ ನಡುವೆಯೇ ಇದ್ದುದರಿಂದ ತೊಂದರೆ ಆಗಲಿಲ್ಲ. (0, 9) ಮತ್ತು (3, 0) ಇಟ್ಟುಕೊಂಡು ಎಳೆದರೆ ಭದ್ರ.

ಈಗ ರೇಖೆಗಳನ್ನು ನೋಡು. ಮೊದಲನೆಯದು ಕಡಿದಾಗಿ ಕೆಳಗೆ ಇಳಿಯುತ್ತದೆ. x ಒಂದು ಹೆಜ್ಜೆ ಮುಂದೆ ಹೋದರೆ y ಮೂರು ಹೆಜ್ಜೆ ಕೆಳಗೆ. ಎರಡನೆಯದು ನಿಧಾನವಾಗಿ ಏರುತ್ತದೆ. x ಎರಡು ಹೆಜ್ಜೆ ಹೋದರೆ y ಒಂದು ಹೆಜ್ಜೆ ಮೇಲೆ. ಒಂದು ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ. ಹಾಗಾಗಿ ಅವು ಒಂದು ಕಡೆ ಸಂಧಿಸಲೇಬೇಕು, ಮತ್ತು ಒಂದೇ ಕಡೆ. ಅಂದರೆ ಈ ಜೋಡಿಗೆ ಒಂದೇ ಪರಿಹಾರ. ಲೆಕ್ಕ ಶುರು ಮಾಡುವ ಮೊದಲೇ ಇಷ್ಟು ನಮಗೆ ಗೊತ್ತಾಯಿತು.

ಛೇದಿಸುವ ಬಿಂದು ನಿನ್ನ ಹಾಳೆಯಲ್ಲಿ ಸುಮಾರು (2.4, 1.7). ಪ್ರತಿ ಅಕ್ಷದಲ್ಲೂ 1 ಸೆಂ.ಮೀ. ಅಂದರೆ 1 ಮಾನ ಎಂದು ಇಟ್ಟುಕೊಂಡಿದ್ದೀಯ. ಆಗ ಒಂದು ಸಣ್ಣ ಮನೆ ಅಂದರೆ 0.1. ಅದಕ್ಕಿಂತ ಚಿಕ್ಕದನ್ನು ಕಣ್ಣಿನಿಂದ ಓದುವುದು ಕಷ್ಟ. ಹಾಗಾದರೆ 2.4 ಎಷ್ಟು ನಿಖರ? ಸುಮ್ನೆ ಒಮ್ಮೆ ಹಾಕಿ ನೋಡು:

x = 2.4 ಆದಾಗ ಮೊದಲನೇ ರೇಖೆಯ y = 1.8, ಎರಡನೆಯದರ y = 1.7
x = 2.5 ಆದಾಗ ಮೊದಲನೇ ರೇಖೆಯ y = 1.5, ಎರಡನೆಯದರ y = 1.75

2.4ರಲ್ಲಿ ಮೊದಲನೇ ರೇಖೆ ಇನ್ನೂ ಮೇಲಿದೆ. 2.5ಕ್ಕೆ ಬರುವಷ್ಟರಲ್ಲಿ ಅದು ಎರಡನೇ ರೇಖೆಯ ಕೆಳಗೆ ಇಳಿದಿದೆ. ಅಂದರೆ ಅವು ಒಂದನ್ನೊಂದು ದಾಟಿದ್ದು 2.4 ಮತ್ತು 2.5ರ ನಡುವೆ. ಆ ಬಿಂದುವಿನ y 1.7 ಮತ್ತು 1.75ರ ನಡುವೆ. ಈ ಪುಟ್ಟ ಚೌಕಟ್ಟನ್ನು ನೆನಪಿಟ್ಟುಕೋ. ಬೀಜಗಣಿತದಲ್ಲಿ ಬರುವ ಉತ್ತರ ಇದರೊಳಗೇ ಬರಬೇಕು.

ಈಗ ನಿನ್ನ 13/7 ನೋಡು. ಅದು ಸುಮಾರು 1.86. ಚೌಕಟ್ಟಿನಿಂದ ಎಷ್ಟೋ ಆಚೆ. ಅರ್ಧ ಮಾನಕ್ಕಿಂತಲೂ ಹೆಚ್ಚು ವ್ಯತ್ಯಾಸ, ಅಂದರೆ ಐದು ಸಣ್ಣ ಮನೆಗಿಂತ ಜಾಸ್ತಿ. ಪೆನ್ಸಿಲ್ ದಪ್ಪ ಇದ್ದ ಮಾತ್ರಕ್ಕೆ ಇಷ್ಟು ತಪ್ಪು ಬರುವುದಿಲ್ಲ.

ಆದೇಶ ವಿಧಾನ, ಮತ್ತು ತಪ್ಪಿದ ಸಾಲು

ನಿನ್ನ ಮೊದಲ ಹೆಜ್ಜೆ ಸರಿ. ಎರಡನೇ ಸಮೀಕರಣದಿಂದ x = 2y − 1. ಇದನ್ನು (1)ರಲ್ಲಿ x ಇರುವ ಜಾಗಕ್ಕೆ ಹಾಕಿದೆ:

3(2y − 1) + y = 9

ಇದೂ ಸರಿ. ಮುಂದಿನ ಸಾಲಿನಲ್ಲಿ ನೀನು ಬರೆದದ್ದು 6y − 1 + y = 9. ಇಲ್ಲೇ ಜಾರಿದ್ದು. ಆವರಣದ ಹೊರಗಿರುವ 3 ಒಳಗಿನ ಎರಡೂ ಪದಗಳನ್ನು ಗುಣಿಸಬೇಕು. 2y ಯನ್ನು ಗುಣಿಸಿ 6y ಮಾಡಿದೆ, −1 ಅನ್ನು ಹಾಗೇ ಬಿಟ್ಟೆ. ಅದು −3 ಆಗಬೇಕಿತ್ತು:

6y − 3 + y = 9
7y = 12
y = 12/7

ಇದನ್ನು x = 2y − 1ರಲ್ಲಿ ಹಾಕಿದರೆ x = 24/7 − 7/7 = 17/7.

17/7 ಅಂದರೆ ಸುಮಾರು 2.43. 12/7 ಅಂದರೆ ಸುಮಾರು 1.71. ಎರಡೂ ನಮ್ಮ ಚೌಕಟ್ಟಿನೊಳಗೇ ಕೂತವು!

ನೀನು ಒಂದು ವಿಷಯದಿಂದ ಗೊಂದಲಕ್ಕೆ ಬಿದ್ದಿರಬೇಕು. ಪುಟದ ಅಂಚಿನಲ್ಲಿ 13/7 − 20/7 = −1 ಎಂದು ಬರೆದು ಸರಿ ಗುರುತು ಹಾಕಿದ್ದೀಯ. ತಾಳೆ ನೋಡಿದ್ದು ಒಳ್ಳೆಯದು. ಆದರೆ ನೋಡಿದ್ದು ಎರಡನೇ ಸಮೀಕರಣದಲ್ಲಿ ಮಾತ್ರ. x ಅನ್ನು ನೀನು ಕಂಡುಹಿಡಿದಿದ್ದೇ ಆ ಸಮೀಕರಣದಿಂದ. y ಎಷ್ಟೇ ತಪ್ಪಾಗಿದ್ದರೂ ಅದಕ್ಕೆ ತಕ್ಕ x ಅಲ್ಲಿ ಹೊಂದಿಕೊಂಡೇ ಬರುತ್ತದೆ. ಮೊದಲನೆಯದರಲ್ಲಿ ಹಾಕಿ ನೋಡು: 39/7 + 10/7 = 49/7 = 7. ಬೇಕಾಗಿದ್ದು 9.

ಇದನ್ನೇ ಗ್ರಾಫ್‌ನಲ್ಲಿ ನೋಡಬೇಕೆ? (1.86, 1.43) ಎಲ್ಲಿ ಬರುತ್ತದೋ ಪೆನ್ಸಿಲ್‌ನಲ್ಲಿ ಗುರುತಿಸು. ಅದು ಎರಡನೇ ರೇಖೆಯ ಮೇಲೆ ಸರಿಯಾಗಿ ಕೂರುತ್ತದೆ, ಆದರೆ ಮೊದಲನೇ ರೇಖೆಯನ್ನು ಮುಟ್ಟುವುದಿಲ್ಲ. ಒಂದು ಸಮೀಕರಣಕ್ಕೆ ಹೊಂದಿ ಇನ್ನೊಂದಕ್ಕೆ ಹೊಂದದ ಉತ್ತರ ಅಂದರೆ ಇದೇ, ಒಂದೇ ರೇಖೆಯ ಮೇಲಿರುವ ಬಿಂದು. ಅದಕ್ಕೇ ತಾಳೆಯನ್ನು ಎರಡರಲ್ಲೂ ನೋಡಬೇಕು. ಸರಿಯಾದ ಉತ್ತರಕ್ಕೆ ನೋಡೋಣ:

3(17/7) + 12/7 = 51/7 + 12/7 = 63/7 = 9
17/7 − 2(12/7) = 17/7 − 24/7 = −7/7 = −1

ಎರಡೂ ಹೊಂದಿದವು.

ವರ್ಜಿಸುವ ವಿಧಾನ ಗ್ರಾಫ್‌ನಲ್ಲಿ ಏನು ಮಾಡುತ್ತದೆ

ನನಗೆ ಇದು ತುಂಬಾ ಇಷ್ಟದ ಭಾಗ. ಪರೀಕ್ಷೆಗೆ ಬೇಕಿಲ್ಲದಿದ್ದರೂ ಓದು.

(1)ನ್ನು 2ರಿಂದ ಗುಣಿಸು: 6x + 2y = 18. ಇದಕ್ಕೆ (2)ನ್ನು ಕೂಡಿಸು. +2y ಮತ್ತು −2y ಹೊಡೆದುಹೋಗುತ್ತವೆ:

7x = 17, ಅಂದರೆ x = 17/7

ಎರಡು ಸಾಲಿನಲ್ಲಿ ಮುಗಿಯಿತು. ಈ ಲೆಕ್ಕಕ್ಕೆ ನಾನಾದರೆ ಈ ವಿಧಾನವನ್ನೇ ಆರಿಸುತ್ತೇನೆ. ಇಲ್ಲಿ ಆವರಣ ಬಿಡಿಸುವ ಕೆಲಸವೇ ಇಲ್ಲ, ನೀನು ಜಾರಿದ ಆ ತಪ್ಪಿಗೆ ಜಾಗವೂ ಇಲ್ಲ.

ಈಗ ಇದನ್ನು ಚಿತ್ರವಾಗಿ ನೋಡು. 6x + 2y = 18 ಎಂಬುದು ಬೇರೆ ರೇಖೆಯಲ್ಲ. (0, 9) ಹಾಕಿದರೂ ಹೊಂದುತ್ತದೆ, (3, 0) ಹಾಕಿದರೂ ಹೊಂದುತ್ತದೆ. ಇಡೀ ಸಮೀಕರಣವನ್ನು 2ರಿಂದ ಗುಣಿಸಿದರೂ ರೇಖೆ ಅಲ್ಲೇ ಇರುತ್ತದೆ. ಆಮೇಲೆ ಎರಡನ್ನೂ ಕೂಡಿಸಿದಾಗ 7x = 17 ಎಂಬ ಹೊಸ ರೇಖೆ ಹುಟ್ಟಿತು. ಅದರಲ್ಲಿ y ಇಲ್ಲ, ಹಾಗಾಗಿ ಅದು y-ಅಕ್ಷಕ್ಕೆ ಸಮಾಂತರವಾಗಿ ನೇರ ನಿಂತ ಗೆರೆ. ಅದು ಹಾದುಹೋಗುವುದು ಎಲ್ಲಿ? ಹಳೆಯ ಎರಡು ರೇಖೆಗಳು ಸಂಧಿಸಿದ ಅದೇ ಬಿಂದುವಿನಲ್ಲಿ. ಯಾಕೆಂದರೆ ಎರಡೂ ಸಮೀಕರಣಗಳಿಗೆ ಹೊಂದುವ ಬಿಂದು ಅವುಗಳ ಮೊತ್ತಕ್ಕೂ ಹೊಂದಲೇಬೇಕು.

ಹಾಗೇ (2)ನ್ನು 3ರಿಂದ ಗುಣಿಸಿದರೆ 3x − 6y = −3. ಇದನ್ನು (1)ರಿಂದ ಕಳೆದರೆ 7y = 12. ಇದು ಅಡ್ಡಲಾಗಿ ಮಲಗಿದ ಗೆರೆ, ಅದೂ ಅದೇ ಬಿಂದುವಿನ ಮೂಲಕ. ಈ ಎರಡನ್ನೂ ನಿನ್ನ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್‌ನಿಂದ ಎಳೆದು ನೋಡು. ನಾಲ್ಕು ರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಓರೆಯಾಗಿದ್ದ ಎರಡು ರೇಖೆಗಳ ಬದಲು ಒಂದು ನೇರ, ಒಂದು ಅಡ್ಡ ರೇಖೆ ಸಿಕ್ಕರೆ ಬಿಂದುವನ್ನು ಓದುವುದು ಸುಲಭ ಅಲ್ವಾ? ವರ್ಜಿಸುವ ವಿಧಾನ ಮಾಡುವ ಕೆಲಸ ಅಷ್ಟೇ.

ಹಾಳೆಯಲ್ಲಿ ಉತ್ತರ ಹೇಗೆ ಬರೆಯಬೇಕು ಎಂದೂ ನೀನು ಕೇಳಿದ್ದೀಯ. ಗ್ರಾಫ್ ಭಾಗದಲ್ಲಿ "x ≈ 2.4, y ≈ 1.7" ಎಂದು ಬರೆ, ಛೇದಿಸುವ ಬಿಂದುವಿನ ಪಕ್ಕದಲ್ಲೂ ಅದನ್ನೇ ಗುರುತಿಸು. ಸಮ ಚಿಹ್ನೆ ಹಾಕಬೇಡ, ಯಾಕೆಂದರೆ 3(2.4) + 1.7 = 8.9, ಪೂರ್ತಿ 9 ಆಗುವುದಿಲ್ಲ. ಬೀಜಗಣಿತದ ಭಾಗದಲ್ಲಿ x = 17/7, y = 12/7 ಎಂದೇ ಬಿಡು. ಅದನ್ನು 2.43 ಎಂದು ದಶಮಾಂಶಕ್ಕೆ ತಿರುಗಿಸಿದರೆ ಕೈಯಲ್ಲಿದ್ದ ನಿಖರ ಉತ್ತರವನ್ನು ಬಿಟ್ಟುಕೊಟ್ಟಂತೆ. ಗ್ರಾಫ್‌ನ ಮೂಲೆಯಲ್ಲಿ ಪ್ರಮಾಣ ಬರೆಯುವುದನ್ನೂ ಮರೆತಿದ್ದೀಯ. ಎರಡೂ ರೇಖೆಗಳ ಮೇಲೆ ಅವುಗಳ ಸಮೀಕರಣವನ್ನೂ ಬರೆ.

ಫೋಟೋದ ಕೆಳಗಡೆ ಮುಂದಿನ ಲೆಕ್ಕವೂ ಕಾಣುತ್ತಿದೆ: 3x + y = 9, 6x + 2y = 10. ಅದರಲ್ಲಿ ಮೊದಲು ಗ್ರಾಫ್ ಎಳೆ. ಆಮೇಲೆ ವರ್ಜಿಸುವ ವಿಧಾನ ಮಾಡು. x, y ಎರಡೂ ಹೊಡೆದುಹೋಗಿ ಒಂದು ವಿಚಿತ್ರ ಸಾಲು ಉಳಿಯುತ್ತದೆ, ಹೆದರಿ ಅಳಿಸಬೇಡ. ಆ ಸಾಲಿನ ಎದುರಿಗೆ ಗ್ರಾಫ್‌ನಲ್ಲಿ ಕಂಡದ್ದನ್ನು ನಿನ್ನದೇ ಮಾತಿನಲ್ಲಿ ಬರೆದು, ಪುಟದ ಫೋಟೋ ಕಳಿಸು. ಈ ಸಲ ಬೆಳಕು ಎದುರಿನಿಂದ ಬೀಳುವ ಹಾಗೆ ಕೂತು ತೆಗೆ, ಚಿಹ್ನೆಗಳ ಮೇಲೆ ನೆರಳು ಬೀಳದಿರಲಿ.