ನೇಮಕಾತಿ ಪತ್ರ: ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ

ದಾವಣಗೆರೆ
2025 ಜೂನ್ 2

ಕಾವ್ಯ ಅವರಿಗೆ,

ನಮಸ್ಕಾರ. ಕಳೆದ ವಾರ ನೀವೂ ನಿಮ್ಮ ತಂದೆಯವರೂ ಬಂದಾಗ ಅಂಗಡಿಯಲ್ಲಿ ಕೂತು ಮಾತಾಡಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಬಾಯಲ್ಲಿ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ಸಹಿ ಹಾಕಬೇಡಿ, ಮೊದಲು ನನಗೆ ಫೋನ್ ಮಾಡಿ. ಇದು ನಿಮ್ಮ ಮೊದಲ ಕೆಲಸ, ಹಾಗಾಗಿ ವಕೀಲರ ಭಾಷೆ ಬಿಟ್ಟು ಮಾಮೂಲಿ ಮಾತಿನಲ್ಲೇ ಬರೆದಿದ್ದೇನೆ.

ನಮ್ಮ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿಯಲ್ಲಿ ಜೂನಿಯರ್ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ನಿಮ್ಮನ್ನು ತೆಗೆದುಕೊಂಡಿದ್ದೇವೆ. ಕೆಲಸ ಶುರು ಜೂನ್ 9, ಸೋಮವಾರ. ಜಾಗ ಪಿ.ಬಿ. ರಸ್ತೆಯ ಅಂಗಡಿಯೇ. ಸ್ಟಾಕ್ ಎಣಿಸುವ ದಿನ ಮಾತ್ರ ಗೋಡೌನ್‌ಗೆ ಬರಬೇಕಾಗುತ್ತದೆ, ಹೋಗಿಬರಲು ನಮ್ಮ ಗಾಡಿ ಇರುತ್ತದೆ. ಬೇರೆ ಊರಿಗೆ ವರ್ಗ ಮಾಡುವ ಮಾತಿಲ್ಲ, ಇರುವುದೇ ಒಂದು ಅಂಗಡಿ.

ನಿಮ್ಮ ಕೆಲಸ ಇಷ್ಟು: ಖರೀದಿ ಮತ್ತು ಮಾರಾಟದ ಬಿಲ್‌ಗಳನ್ನು ಟ್ಯಾಲಿಗೆ ಏರಿಸುವುದು, ಹೊರಡುವ ಮಾಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ತೆಗೆಯುವುದು, ಬಾಕಿ ಇರುವ ಗಿರಾಕಿಗಳ ಪಟ್ಟಿ ಪ್ರತಿ ಶನಿವಾರ ಕೊಡುವುದು. ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಹೋಗಬೇಕು, ಅದಕ್ಕೇ 8ರಿಂದ 11ರವರೆಗೆ ಸ್ವಲ್ಪ ಗಡಿಬಿಡಿ ಇರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಹಿರಿಯ ಅಕೌಂಟೆಂಟ್ ನಿಮಗೆ ಕೆಲಸ ಕಲಿಸುತ್ತಾರೆ, ಕೇಳಬೇಕಾದದ್ದೆಲ್ಲ ಅವರನ್ನೇ ಕೇಳಿ. ಮೊದಲ ಆರು ತಿಂಗಳು ಕ್ಯಾಶ್ ಕೌಂಟರ್ ನಿಮ್ಮ ಕೈಗೆ ಕೊಡುವುದಿಲ್ಲ. ಆಮೇಲೆ ಕೊಟ್ಟರೂ, ಲೆಕ್ಕ ತಪ್ಪಿತು ಅಂತ ಸುಮ್ನೆ ಸಂಬಳದಲ್ಲಿ ಹಿಡಿಯುವುದಿಲ್ಲ. ಎದುರಿಗೆ ಕೂರಿಸಿಕೊಂಡು ಲೆಕ್ಕ ನೋಡಿದ ಮೇಲೇ ಮುಂದಿನ ಮಾತು. ಚಹಾ ತರುವುದು, ನಮ್ಮ ಮನೆಯ ಬ್ಯಾಂಕ್ ಕೆಲಸ ಮಾಡಿಕೊಡುವುದು ಇವೆಲ್ಲ ನಿಮ್ಮ ಕೆಲಸ ಅಲ್ಲ. ಯಾರಾದರೂ ಹೇಳಿದರೆ ನನ್ನ ಹೆಸರು ಹೇಳಿ.

ಸಂಬಳ ತಿಂಗಳಿಗೆ 18,500 ರೂಪಾಯಿ. ಇದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,500, ಮನೆ ಬಾಡಿಗೆ ಭತ್ಯೆ 2,000. ಇಎಸ್‌ಐಗೆ ನಿಮ್ಮ ಪಾಲು ಶೇ. 0.75, ಅಂದರೆ 139 ರೂಪಾಯಿ ಕಡಿತ ಆಗುತ್ತದೆ. ನಮ್ಮ ಪಾಲು ಶೇ. 3.25, ಅದನ್ನು ನಾವು ಬೇರೆ ಕಟ್ಟುತ್ತೇವೆ, ನಿಮ್ಮ ಸಂಬಳದಿಂದ ಅಲ್ಲ. 25,000ದೊಳಗಿನ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಹಾಗಾಗಿ ಕೈಗೆ ಬರುವುದು 18,361. ಪಿಎಫ್ ವಿಷಯ ನಿಮ್ಮ ತಂದೆಯವರು ಕೇಳಿದ್ದರು: ಆ ಕಾನೂನು 20 ಜನ ಇರುವ ಕಡೆ ಕಡ್ಡಾಯ, ನಿಮ್ಮನ್ನು ಸೇರಿಸಿ ನಾವು 14 ಜನ, ಆದ್ದರಿಂದ ಈಗ ಪಿಎಫ್ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆಯಲಾರೆ. ದೀಪಾವಳಿಗೆ ಬೋನಸ್ ಪ್ರತಿ ವರ್ಷ ಕೊಡುತ್ತಾ ಬಂದಿದ್ದೇವೆ, ಆದರೆ ಎಷ್ಟು ಅನ್ನುವುದು ಆ ವರ್ಷದ ವ್ಯಾಪಾರದ ಮೇಲೆ. ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಐದು ವರ್ಷ ತುಂಬಿಸಿದರೆ ಗ್ರಾಚ್ಯುಟಿ ಕಾನೂನಿನ ಪ್ರಕಾರ ಸಿಗುತ್ತದೆ. ಸಂಬಳ ಪ್ರತಿ ತಿಂಗಳು 7ರೊಳಗೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ, ಜೊತೆಗೆ ಸಂಬಳದ ಚೀಟಿಯೂ.

ಬೆಳಿಗ್ಗೆ 10ರಿಂದ ಸಂಜೆ 7, ನಡುವೆ 1.30ರಿಂದ ಒಂದು ಗಂಟೆ ಊಟಕ್ಕೆ. ವಾರಕ್ಕೆ ಆರು ದಿನ, ಭಾನುವಾರ ರಜೆ. ಒಟ್ಟು 48 ಗಂಟೆ, ಅದಕ್ಕಿಂತ ಜಾಸ್ತಿ ಕೂರಿಸಿದರೆ ಆ ಹೊತ್ತಿಗೆ ದುಪ್ಪಟ್ಟು ದರದಲ್ಲಿ ದುಡ್ಡು. ಆದರೆ ರಾತ್ರಿ 7.30ರ ಮೇಲೆ ನಿಮ್ಮನ್ನು ನಿಲ್ಲಿಸಿಕೊಳ್ಳುವುದಿಲ್ಲ. ನಿಮ್ಮ ಹರಿಹರದ ಬಸ್ಸು ಹಿಡಿಯಬೇಕಲ್ಲ.

ಹಬ್ಬದ ರಜೆ ವರ್ಷಕ್ಕೆ ಹತ್ತು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಲ್ಲರಿಗೂ ಇದ್ದದ್ದೇ. ಉಳಿದ ಐದು ಸಂಕ್ರಾಂತಿ, ಯುಗಾದಿ, ಗಣೇಶ ಚೌತಿ, ವಿಜಯದಶಮಿ, ಬಲಿಪಾಡ್ಯಮಿ. ಆಯುಧ ಪೂಜೆ ದಿನ ಕೆಲಸ ಇರುವುದಿಲ್ಲ, ಪೂಜೆ ಮುಗಿಸಿ ಮಂಡಕ್ಕಿ ತಿಂದು ಮನೆಗೆ ಹೋಗುವುದು ನಮ್ಮ ರೂಢಿ. ಇದರ ಮೇಲೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ, ಹುಷಾರಿಲ್ಲದಾಗ ವರ್ಷಕ್ಕೆ 12 ದಿನ. ಜ್ವರ ಬಂದರೆ ಬೆಳಿಗ್ಗೆ 9ರೊಳಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ, ಸಾಕು. ಎರಡು ದಿನ ದಾಟಿದರೆ ಮಾತ್ರ ಡಾಕ್ಟರ ಚೀಟಿ ಬೇಕು.

ಮೊದಲ ಆರು ತಿಂಗಳು, ಅಂದರೆ ಡಿಸೆಂಬರ್ 8ರವರೆಗೆ, ನೀವು ಪ್ರೊಬೇಷನ್‌ನಲ್ಲಿ ಇರುತ್ತೀರಿ. ಮೂರನೇ ತಿಂಗಳ ಕೊನೆಗೆ ಒಮ್ಮೆ ಕೂತು, ಎಲ್ಲಿ ಸರಿ ಇದೆ, ಎಲ್ಲಿ ತಿದ್ದಿಕೊಳ್ಳಬೇಕು ಅಂತ ಮಾತಾಡೋಣ, ಕೊನೇ ದಿನ ತಲೆ ಮೇಲೆ ಬಾಂಬ್ ಹಾಕುವುದಿಲ್ಲ. ಡಿಸೆಂಬರ್ 8ರೊಳಗೆ ನಾವು ಬರೆದು ಏನೂ ಹೇಳದಿದ್ದರೆ ನಿಮ್ಮ ಕೆಲಸ ಕಾಯಂ ಆಯಿತು ಅಂತಲೇ ಅರ್ಥ, ಸಂಬಳವೂ 20,000 ಆಗುತ್ತದೆ.

ಬಿಡುವ ವಿಷಯ ಸೇರುವಾಗಲೇ ಮಾತಾಡುವುದು ಕೆಲವರಿಗೆ ಅಪಶಕುನ ಅನ್ನಿಸುತ್ತದೆ, ನನಗೆ ಹಾಗನ್ನಿಸುವುದಿಲ್ಲ. ಪ್ರೊಬೇಷನ್‌ನಲ್ಲಿ ಇಬ್ಬರಲ್ಲಿ ಯಾರೇ ಆದರೂ 15 ದಿನ ಮುಂಚೆ, ಕಾಯಂ ಆದ ಮೇಲೆ ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು. ನಾವು ತೆಗೆಯುವುದಾದರೆ ಕಾರಣ ಕಾಗದದಲ್ಲಿ ಇರುತ್ತದೆ. ಕಳ್ಳತನ, ಸುಳ್ಳು ಬಿಲ್ಲು, ಹೊಡೆದಾಟದಂಥ ದೊಡ್ಡ ತಪ್ಪಿನ ಆರೋಪ ಬಂದರೂ ಮೊದಲು ಬರೆದು ಕೇಳುತ್ತೇವೆ, ನಿಮ್ಮ ಉತ್ತರ ಓದಿದ ಮೇಲೇ ತೀರ್ಮಾನ. ನಾವು ತೆಗೆದರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ, ನೀವೇ ಬಿಟ್ಟರೆ ಮುಂದಿನ ಸಂಬಳದ ದಿನ, ಉಳಿದ ರಜೆಯ ದುಡ್ಡೂ ಸೇರಿ. ಅನುಭವದ ಪತ್ರ ಕೊನೇ ದಿನವೇ ಕೊಡುತ್ತೇವೆ.

ಬಾಂಡ್ ಇಲ್ಲ, ಡಿಪಾಸಿಟ್ ಇಲ್ಲ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೊಂಡು ಹೋಗಿ, ಜೆರಾಕ್ಸ್ ಮಾತ್ರ ನಮಗಿರಲಿ. ನನ್ನ ಮೊದಲ ಕೆಲಸದಲ್ಲಿ ಇಂಥ ಕಾಗದ ಕೊಟ್ಟಿರಲಿಲ್ಲ, ಮೇಲಾಗಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರು, ಬಿಟ್ಟು ಬರುವಾಗ ಅದಕ್ಕಾಗಿ ನಾಲ್ಕು ತಿಂಗಳು ಅಲೆದಿದ್ದೇನೆ.

ನಮ್ಮ ಕಡೆಯಿಂದ ಕೇಳುವುದು ಮುಖ್ಯವಾಗಿ ಒಂದೇ. ಯಾವ ಗಿರಾಕಿಗೆ ಎಷ್ಟು ಡಿಸ್ಕೌಂಟ್, ಕಂಪನಿ ನಮಗೆ ಕೊಡುವ ದರ ಎಷ್ಟು, ಇದು ಅಂಗಡಿಯಿಂದ ಹೊರಗೆ ಹೋಗಬಾರದು, ಬಿಟ್ಟ ಮೇಲೂ. ಬಿಲ್ ಫೋಟೋ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಟ್ಯಾಲಿ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನನ್ನ ತಮ್ಮನಿಗೂ. ಅದು ಬಿಟ್ಟರೆ, ನಾಳೆ ನೀವು ಪಕ್ಕದ ಅಂಗಡಿಗೇ ಸೇರಿದರೂ ತಡೆಯುವುದಿಲ್ಲ.

ಕೆಲಸದ ಜಾಗದಲ್ಲಿ ಯಾರಾದರೂ, ಗಿರಾಕಿಯೇ ಆಗಲಿ ನಾನೇ ಆಗಲಿ, ಕೆಟ್ಟದಾಗಿ ನಡೆದುಕೊಂಡರೆ, ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾನೂನಿನ ಪ್ರಕಾರ ನಮ್ಮಲ್ಲಿ ದೂರು ಸಮಿತಿ ಇದೆ, ಅದರ ಅಧ್ಯಕ್ಷೆ ನಮ್ಮ ಹಿರಿಯ ಅಕೌಂಟೆಂಟ್ ಮೇಡಮ್. ಸದಸ್ಯರ ಫೋನ್ ನಂಬರ್ ಕೌಂಟರ್ ಹಿಂದಿನ ಗೋಡೆ ಮೇಲಿದೆ. ದೂರು ನನ್ನ ಮೇಲೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಈ ಪತ್ರದಲ್ಲಿ ಏನೇ ಬದಲಾವಣೆ ಆದರೂ ಇಬ್ಬರ ಸಹಿ ಇರುವ ಕಾಗದದಲ್ಲೇ ಆಗಬೇಕು. ಎರಡು ಪ್ರತಿ ಕಳಿಸಿದ್ದೇನೆ. ಮನೆಯಲ್ಲಿ ಓದಿಸಿ, ಒಪ್ಪಿಗೆಯಾದರೆ ಜೂನ್ 6ರ ಸಂಜೆಯೊಳಗೆ ಒಂದಕ್ಕೆ ಸಹಿ ಹಾಕಿ ಕೊಡಿ, ಇನ್ನೊಂದು ನಿಮ್ಮದು. ಬರುವಾಗ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಎರಡು ಫೋಟೋ ತನ್ನಿ.

ಇಂತಿ,
ಅಂಗಡಿ ಮಾಲೀಕರು

ಒಪ್ಪಿಗೆ: ಈ ಪತ್ರವನ್ನು ಪೂರ್ತಿ ಓದಿದ್ದೇನೆ, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡಿದ್ದೇನೆ. 2025 ಜೂನ್ 9ರಂದು ಕೆಲಸಕ್ಕೆ ಬರುತ್ತೇನೆ. ಒಂದು ಪ್ರತಿ ನನ್ನ ಹತ್ತಿರ ಇದೆ.
ಕಾವ್ಯ, ಹರಿಹರ, 2025 ಜೂನ್ 5